ಸಹಾಯ ಬೇಕು: ಸ್ಪಾನ್ಸರ್‌ಶಿಪ್ ಪತ್ರದಲ್ಲಿ ಮೊತ್ತ ಬರೆಯಬೇಕಾ?

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಮುಂದಿನ ತಿಂಗಳು ಎರಡು ದಿನದ ಕಿರುಚಿತ್ರೋತ್ಸವ ಇದೆ. ಪ್ರೊಜೆಕ್ಟರ್ ಬಾಡಿಗೆ, ಬಹುಮಾನ, ಊಟ ಸೇರಿ 40,000 ರೂಪಾಯಿ ಬೇಕು. ಪ್ರಾಂಶುಪಾಲರ ಸಹಿ ಇರುವ ಪತ್ರ ಹಿಡಿದು ಆರು ಅಂಗಡಿಗೆ ಹೋದೆವು. ಅದರಲ್ಲಿ ‘ಕೈಲಾದ ಸಹಾಯ ಮಾಡಿ’ ಅಂತ ಬರೆದಿದ್ದೆವು. ಬೇಕರಿಯವರು 200 ರೂಪಾಯಿ ಕೊಟ್ಟು ಕಳಿಸಿದರು. ಗಣಪತಿ ಚಂದಾ ಅಂದುಕೊಂಡರೋ ಏನೋ! ಮೊಬೈಲ್ ಅಂಗಡಿಯವರು ಮಾತ್ರ ‘ನಮಗೇನು ಸಿಗುತ್ತೆ?’ ಎಂದು ಕೇಳಿದರು.

ಅದಕ್ಕೇ ಈಗ ಪತ್ರ ಬದಲಿಸಿದ್ದೇವೆ. ಪ್ರತಿ ಚಿತ್ರಕ್ಕೂ ಮುಂಚೆ 10 ಸೆಕೆಂಡ್ ಅಂಗಡಿಯ ಸ್ಲೈಡ್ ತೋರಿಸುತ್ತೇವೆ, ಸುಮಾರು 300 ಜನ ನೋಡುತ್ತಾರೆ ಎಂದು ಸೇರಿಸಿದ್ದೇವೆ. ಸಿಕ್ಕಿಕೊಂಡಿರುವುದು ಮೊತ್ತದ ವಿಷಯದಲ್ಲಿ. 5,000 ಎಂದು ಬರೆದರೆ ಸಣ್ಣ ಅಂಗಡಿಯವರು ಅಲ್ಲೇ ಮಡಚಿಡುತ್ತಾರೆ. ಬರೆಯದಿದ್ದರೆ ಮತ್ತೆ 200 ಅಷ್ಟೇ, ಅಲ್ವಾ?

ಪತ್ರದಲ್ಲೇ 1,000, 2,500, 5,000 ಎಂದು ಮೂರು ದರ ಹಾಕೋದಾ, ಇಲ್ಲ ದರದ ಹಾಳೆ ಬೇರೆ ಇಟ್ಟುಕೊಂಡು ಅಂಗಡಿ ನೋಡಿ ಕೊಡೋದಾ?