ಗೆಳತಿಯ ಮಾತಿಗೆ ಏನೆಂದು ಉತ್ತರಿಸಲಿ?

ಪ್ರಶ್ನೆ, ಜಯನಗರದಿಂದ: ನಮಗೆ ಐವಿಎಫ್ ಚಿಕಿತ್ಸೆ ನಡೆಯುತ್ತಿದೆ. ನನ್ನ ಆಪ್ತ ಗೆಳತಿ ತನ್ನ ಮಗನ ಹುಟ್ಟುಹಬ್ಬದಲ್ಲಿ ಎಲ್ಲರೆದುರು, “ನಿನಗೇನಮ್ಮ, ಮಕ್ಕಳ ಕಾಟವಿಲ್ಲ, ಆರಾಮಾಗಿ ನಿದ್ದೆ ಮಾಡ್ತೀಯ” ಎಂದಳು. ನಕ್ಕು ಸುಮ್ಮನಾದೆ. ಅಂದಿನಿಂದ ಅವಳ ಫೋನ್ ಎತ್ತಿಲ್ಲ. ಅವಳನ್ನು ಕಳೆದುಕೊಳ್ಳಲೂ ಮನಸ್ಸಿಲ್ಲ.

ಆಪ್ತ ಸಮಾಲೋಚಕಿ: ಅಲ್ಲಿಯೇ ಉತ್ತರಿಸದೆ ಹೋದದ್ದರಿಂದ ಏನೂ ಕೆಟ್ಟಿಲ್ಲ. ಅತಿಥಿಗಳ ನಡುವೆ ಹೇಳಿದ್ದರೆ, ಅವಳು ನಿಮ್ಮ ನೋವನ್ನು ಕೇಳಿಸಿಕೊಳ್ಳುವ ಬದಲು ತನ್ನ ಮಾನ ಕಾಪಾಡಿಕೊಳ್ಳುವುದರಲ್ಲೇ ಇರುತ್ತಿದ್ದಳು. ಆದರೆ ಫೋನ್ ಎತ್ತದಿರುವುದು ಬೇರೆಯ ಮಾತು. ಕಾರಣ ತಿಳಿಯದ ಅವಳು ಅದಕ್ಕೆ ತನಗೆ ತೋಚಿದ ಅರ್ಥ ಕಟ್ಟಿಕೊಳ್ಳುತ್ತಾಳೆ. ನಾನಾದರೆ ಹೀಗೆ ಬರೆದು ಕಳುಹಿಸಲು ಹೇಳುತ್ತೇನೆ: “ಹುಟ್ಟುಹಬ್ಬದ ದಿನ ನನಗೆ ಮಕ್ಕಳ ಕಾಟವಿಲ್ಲ ಎಂದೆಯಲ್ಲ, ಅದು ನನಗೆ ತುಂಬ ನೋವಾಯಿತು. ನೋಯಿಸಲೆಂದು ನೀನು ಹೇಳಲಿಲ್ಲವೆಂದು ಗೊತ್ತು. ನಾವು ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿದ್ದೇವೆ. ಆ ವಿಷಯವನ್ನು ನಾನಾಗಿ ಎತ್ತಿದಾಗ ಮಾತ್ರ ಮಾತಾಡೋಣ. ಉಳಿದ ದಿನ ಮೊದಲಿನಂತೆ ಫೋನ್ ಮಾಡುತ್ತಿರು.” ಇಲ್ಲಿ ಅವಳಾಡಿದ ಮಾತು ಇದ್ದಂತೆಯೇ ಇದೆ, ಅವಳ ಸ್ವಭಾವದ ಮೇಲೆ ತೀರ್ಪಿಲ್ಲ. “ನೀನು ಯಾವಾಗಲೂ ಹೀಗೆಯೇ” ಎಂದು ಸೇರಿಸಿದರೆ ಚರ್ಚೆ ಹಳೆಯ ಜಗಳಗಳತ್ತ ತಿರುಗುತ್ತದೆ. ಭ್ರೂಣ ವರ್ಗಾವಣೆಯಾಗಿ ರಕ್ತಪರೀಕ್ಷೆಗಾಗಿ ಕಾಯುವ ಸುಮಾರು 2 ವಾರಗಳಲ್ಲಿ ಮಾತ್ರ ಇದನ್ನು ಕಳುಹಿಸಬೇಡಿ. ಫಲಿತಾಂಶದ ಜೊತೆ ಅವಳ ಉತ್ತರಕ್ಕೂ ಕಾಯುವುದು ಬಹಳ ಕಷ್ಟ.

ಸದಸ್ಯರೊಬ್ಬರು: ಇಷ್ಟು ಮೆತ್ತಗೆ ಏಕೆ? ಎಷ್ಟು ಇಂಜೆಕ್ಷನ್, ಎಷ್ಟು ಖರ್ಚು, ಯಾರ ವರದಿಯಲ್ಲಿ ಏನಿದೆ, ಎಲ್ಲವನ್ನೂ ಹೇಳಿಬಿಟ್ಟರೆ ಯಾರೂ ಮತ್ತೆ ಬಾಯಿ ತೆರೆಯುವುದಿಲ್ಲ.

ಆಪ್ತ ಸಮಾಲೋಚಕಿ: ಚಿಕಿತ್ಸೆಯ ವಿಷಯ ತಿಳಿದರೆ ಆಪ್ತರು ಎಚ್ಚರ ವಹಿಸುತ್ತಾರೆ ಎಂಬಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ವಿವರ ಹೆಚ್ಚಿದಷ್ಟೂ ಸಲಹೆಗಳೂ ಹೆಚ್ಚುತ್ತವೆ: ಇನ್ನೊಬ್ಬ ವೈದ್ಯರು, ಹರಕೆ, “ಟೆನ್ಷನ್ ಬಿಡು, ತಾನಾಗಿ ಆಗುತ್ತದೆ”. ಟೆನ್ಷನ್ ಬಿಟ್ಟ ಮಾತ್ರಕ್ಕೆ ಮುಚ್ಚಿಹೋದ ಗರ್ಭನಾಳ ತೆರೆದುಕೊಳ್ಳುವುದಿಲ್ಲ. ಅದನ್ನು ಪ್ರತಿಯೊಬ್ಬರಿಗೂ ವಿವರಿಸುವ ಹೊರೆ ಇವರ ಮೇಲೆಯೇ ಬೀಳುತ್ತದೆ. ಪತಿಯ ವರದಿಯನ್ನಂತೂ ಅವರ ಒಪ್ಪಿಗೆಯಿಲ್ಲದೆ ಹೇಳಬಾರದು.

ಮಲ್ಲೇಶ್ವರದ ಸದಸ್ಯೆ: ನನಗೂ ಹೀಗೆಯೇ ಆಗಿತ್ತು, ಆದರೆ ಅಂದದ್ದು ನಮ್ಮ ಅತ್ತೆಯವರು. ನಾನು ಸೀಮಂತ, ನಾಮಕರಣಗಳಿಗೆ ಹೋಗುವುದನ್ನೇ ಬಿಟ್ಟೆ. ನೀವೂ ಸಮಾರಂಭಗಳನ್ನು ಬಿಟ್ಟುಬಿಡಿ.

ಆಪ್ತ ಸಮಾಲೋಚಕಿ: ಹೋಗಲಾಗದ ದಿನ ಹೋಗದಿರುವುದು ತಪ್ಪಲ್ಲ, ಅಮ್ಮ. ಆದರೆ ಇವರು ಕೇಳುತ್ತಿರುವುದು ಗೆಳತಿಯನ್ನು ಉಳಿಸಿಕೊಳ್ಳುವ ದಾರಿಯನ್ನು. ಅತ್ತೆಯವರೊಡನೆ ಮೊದಲು ಮಾತಾಡಬೇಕಾದವರು ಅವರ ಮಗ.

ಪ್ರಶ್ನೆ ಕೇಳಿದವರು: ಸಂದೇಶ ಕಳುಹಿಸಿದೆ. “ಕ್ಷಮಿಸು ಕಣೇ, ನನಗೆ ಗೊತ್ತಿರಲಿಲ್ಲ” ಎಂದಳು. ಮರುಕ್ಷಣವೇ ತನ್ನ ಅತ್ತಿಗೆ ತೋರಿಸಿದ ವೈದ್ಯರ ನಂಬರ್ ಕಳುಹಿಸಿದಳು.

ಆಪ್ತ ಸಮಾಲೋಚಕಿ: ಕ್ಷಮೆಯನ್ನು ಸ್ವೀಕರಿಸಿ. ನಂಬರಿಗೆ “ಬೇಕಾದಾಗ ನಾನೇ ಕೇಳುತ್ತೇನೆ” ಎಂಬ ಒಂದೇ ಸಾಲು ಸಾಕು. ಅದರ ನಂತರವೂ ಸಲಹೆಗಳು ಬರುತ್ತಲೇ ಇದ್ದರೆ ಇಲ್ಲಿ ಬರೆಯಿರಿ, ಆಗ ಬೇರೆ ರೀತಿಯಲ್ಲಿ ಯೋಚಿಸಬೇಕಾಗುತ್ತದೆ.