ಎರಡು ಬಾಟಲಿ ಉಪ್ಪಿನಕಾಯಿಗೆ 277 ರೂಪಾಯಿ ಕೊರಿಯರ್, ದುಡ್ಡು ಬಂದ್ರೂ ಆರ್ಡರ್ ಕ್ಯಾನ್ಸಲ್

ರೇಖಾ (ಹನುಮಂತನಗರ): ಮನೇಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ವೂಕಾಮರ್ಸ್ ಸೈಟಲ್ಲಿ ಮಾರ್ತಿದೀನಿ. ಎಲ್ಲಾ ಕಡೆಗೂ ಡೆಲಿವರಿ 60 ರೂಪಾಯಿ ಅಂತ ಇಟ್ಟಿದೀನಿ, ಹುಬ್ಬಳ್ಳಿಗೆ ಎರಡು ಬಾಟಲಿ ಕಳ್ಸಿದ್ದಕ್ಕೆ ಕೊರಿಯರ್‌ನೋರು 277 ಹಾಕಿದಾರೆ. ಇನ್ನೊಂದು ಏನಂದ್ರೆ ಕೆಲವರು ಯುಪಿಐಯಲ್ಲಿ ದುಡ್ಡು ಕಟ್ಟಿರ್ತಾರೆ, ನಮ್ಮ ಕಡೆ ಆರ್ಡರ್ ಕ್ಯಾನ್ಸಲ್ ಅಂತ ತೋರ್ಸತ್ತೆ. ಕ್ಯಾಶ್ ಆನ್ ಡೆಲಿವರಿನೂ ಕೇಳ್ತಾರೆ, ಇಡ್ಲಾ ಬೇಡ್ವಾ?

ಶಬಾನಾ: ನಾನು ಸೀರೆ ಮಾರೋದು, ಇಂಡಿಯಾ ಪೂರ್ತಿ ಒಂದೇ ಚಾರ್ಜ್ ಇಟ್ಟಿದೀನಿ, ಏನೂ ತೊಂದ್ರೆ ಆಗಿಲ್ಲ. ಕೊರಿಯರ್ ಚೇಂಜ್ ಮಾಡಿ ನೋಡಿ ಅಕ್ಕ.

ಸುಧೀಂದ್ರ (ಆನ್‌ಲೈನ್ ಅಂಗಡಿ ಸೆಟಪ್ ಕೆಲಸ): ಸೀರೆ ಕವರ್‌ನಲ್ಲಿ ಚಪ್ಪಟೆಯಾಗಿ ಹೋಗತ್ತೆ, ಬಾಟಲಿ ಕಥೆ ಬೇರೆ. ರೇಖಾ ಅವ್ರೇ, ಡಬ್ಬದ ಅಳತೆ ಎಷ್ಟು, ಕರ್ನಾಟಕದೊಳಗೆ ಕೊರಿಯರ್ ರೇಟ್ ಕಾರ್ಡ್ ಏನಿದೆ ಹೇಳಿ.

ರೇಖಾ: ಡಬ್ಬ 30 × 25 × 18 ಸೆಂಟಿಮೀಟರ್. ತೂಕ ಎಲ್ಲಾ ಸೇರಿ 1.7 ಕೆಜಿ ಇತ್ತು, ನಾನೇ ತಕ್ಕಡೀಲಿ ಹಾಕಿದೀನಿ. ರೇಟು ಮೊದಲ ಅರ್ಧ ಕೆಜಿಗೆ 45, ಆಮೇಲೆ ಪ್ರತಿ ಅರ್ಧ ಕೆಜಿಗೆ 38, ಮೇಲೆ ಜಿಎಸ್‌ಟಿ.

ಸುಧೀಂದ್ರ: ಹಾಗಾದ್ರೆ ಬಿಲ್ ಸರಿಯಾಗೇ ಇದೆ. ಕೊರಿಯರ್‌ನೋರು ತಕ್ಕಡಿ ತೂಕ ಒಂದೇ ನೋಡಲ್ಲ, ಡಬ್ಬ ಎಷ್ಟು ಜಾಗ ಹಿಡಿಯತ್ತೆ ಅಂತಾನೂ ನೋಡ್ತಾರೆ. ಉದ್ದ ಅಗಲ ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ನಿಮ್ಮದು 13500 ಭಾಗಿಸು 5000 ಅಂದ್ರೆ 2.7 ಕೆಜಿ, ಎರಡರಲ್ಲಿ ಯಾವ್ದು ಜಾಸ್ತಿನೋ ಅದನ್ನ ಮುಂದಿನ ಅರ್ಧ ಕೆಜಿಗೆ ಏರಿಸ್ತಾರೆ, ಹಾಗಾಗಿ 3 ಕೆಜಿ. 45ಕ್ಕೆ ಐದು ಸಲ 38 ಸೇರಿಸಿದ್ರೆ 235, 18 ಪರ್ಸೆಂಟ್ ಜಿಎಸ್‌ಟಿ ಹಾಕಿದ್ರೆ 277. ಅದೇ ಎರಡು ಬಾಟಲಿನ 22 × 14 × 18 ಡಬ್ಬದಲ್ಲಿ ಇಟ್ರೆ ಜಾಗದ ಲೆಕ್ಕ 1.1 ಕೆಜಿಗೆ ಇಳಿಯತ್ತೆ, ಆಗ ನಿಜವಾದ ತೂಕ 1.7 ಗೆಲ್ಲತ್ತೆ, 2 ಕೆಜಿ ಬಿಲ್, 188 ರೂಪಾಯಿ. ಸೈಟ್ ಮುಟ್ಟೋ ಮುಂಚೆ ಡಬ್ಬ ಬದಲಾಯಿಸಿ, ಸುಮಾರು 90 ರೂಪಾಯಿ ಅಲ್ಲೇ ಉಳೀತು. ಬಾಟಲಿ ಮಧ್ಯೆ ರಟ್ಟಿನ ಅಡ್ಡ ಮಾತ್ರ ಬಿಡಬೇಡಿ, ಗಾಜಿಗೆ ಗಾಜು ತಾಗಿದ್ರೆ ಮುಗೀತು.

ಈಗ ಚೆಕ್‌ಔಟ್. 188 ಡೆಲಿವರಿ ಅಂತ ಕಣ್ಣಿಗೆ ಬಿದ್ರೆ ಅರ್ಧ ಜನ ಅಲ್ಲೇ ವಾಪಸ್ ಹೋಗ್ತಾರೆ. ಅದಕ್ಕೆ ಬಾಟಲಿ ಬೆಲೆಗೇ 40 ಸೇರಿಸಿಬಿಡಿ, ಉಳಿದಿದ್ದನ್ನ ಡೆಲಿವರಿ ಅಂತ ತೋರಿಸಿ. ಪ್ರಾಡಕ್ಟ್‌ಗೆ ಶಿಪ್ಪಿಂಗ್ ಕ್ಲಾಸ್ ಮಾಡ್ಕೊಳಿ, ಬಾಟಲಿ ಒಂದು, ಪುಡಿ ಪೌಚ್ ಒಂದು. ಆಮೇಲೆ ಕರ್ನಾಟಕಕ್ಕೆ ಅಂತ ಒಂದು ಝೋನ್ ಮಾಡಿ, ಅದರ Flat rate ಒಳಗೆ Cost ಜಾಗದಲ್ಲಿ 10 ಹಾಕಿ, ಬಾಟಲಿ ಕ್ಲಾಸ್ ಎದುರು ಇದನ್ನ ಹಾಕಿ:

```
50 * [qty]
```

ಒಂದು ಬಾಟಲಿಗೆ 60, ಎರಡಕ್ಕೆ 110 ತೋರ್ಸತ್ತೆ. ಬೆಲೆಯಲ್ಲಿರೋ 40 ಸೇರಿಸ್ಕೊಂಡ್ರೆ ಒಂದಕ್ಕೆ 100, ಎರಡಕ್ಕೆ 190 ನಿಮಗೆ ಬಂತು. ಒಂದು ಬಾಟಲಿ ಪ್ಯಾಕ್ ಆಗಿ 1 ಕೆಜಿ ಒಳಗಿದ್ರೆ ಖರ್ಚು 98, ಎರಡಕ್ಕೆ 188, ಸರಿಹೋಯ್ತು.

ಬೆಂಗಳೂರಿಗೆ ಬೇರೆ ಝೋನ್ ಮಾಡಿ ಪಿನ್‌ಕೋಡ್ ಜಾಗದಲ್ಲಿ `560*` ಹಾಕಿ, ಮತ್ತೆ ಅದನ್ನ ಎಳೆದು ಕರ್ನಾಟಕ ಝೋನ್‌ಗಿಂತ ಮೇಲೆ ಇಡಿ. ವೂಕಾಮರ್ಸ್ ಮೇಲಿಂದ ಕೆಳಗೆ ನೋಡ್ತಾ ಮೊದಲು ಹೊಂದಿದ ಝೋನ್‌ಗೇ ನಿಂತ್ಬಿಡತ್ತೆ, ಕರ್ನಾಟಕ ಮೇಲಿದ್ರೆ ಜಯನಗರದವರಿಗೂ ಹುಬ್ಬಳ್ಳಿ ರೇಟೇ ಬರತ್ತೆ. ಆನೇಕಲ್, ದೇವನಹಳ್ಳಿ ಕಡೆ 562ರಿಂದ ಶುರುವಾಗತ್ತೆ, ಅದು ತಾನಾಗೇ ಹೊರಗಿನ ರೇಟಿಗೆ ಹೋಗತ್ತೆ.

ಮಂಜುನಾಥ್: ಸಾರ್ ಇಷ್ಟೆಲ್ಲಾ ಯಾಕೆ, ಪೇಮೆಂಟ್ ಗೇಟ್‌ವೇನೇ ತೆಗೆದುಹಾಕಿ ಸೈಟಲ್ಲಿ ಸ್ವಂತ ಕ್ಯೂಆರ್ ಹಾಕಿ, ಸ್ಕ್ರೀನ್‌ಶಾಟ್ ವಾಟ್ಸಾಪ್‌ಗೆ ತರಿಸ್ಕೊಳ್ಳಿ. ಚಾರ್ಜೂ ಇಲ್ಲ, ಕ್ಯಾನ್ಸಲ್ ಗಲಾಟೆನೂ ಇಲ್ಲ.

ಗಿರಿಜಾ: ಯುಪಿಐನೇ ಬೇಡಪ್ಪ, 2025ರಲ್ಲಿ ನಮ್ಮ ಏರಿಯಾ ಬೇಕರಿಯೋರು ಜಿಎಸ್‌ಟಿ ನೋಟಿಸ್ ಭಯಕ್ಕೆ ‘ನೋ ಯುಪಿಐ ಓನ್ಲಿ ಕ್ಯಾಶ್’ ಅಂತ ಬೋರ್ಡ್ ಹಾಕಿದ್ರು.

ಸುಧೀಂದ್ರ: ಗಿರಿಜಾ ಅವ್ರೇ, ಆ ನೋಟಿಸ್ ಹೋಗಿದ್ದು ವರ್ಷಕ್ಕೆ 40 ಲಕ್ಷ ದಾಟಿ ವಹಿವಾಟು ಕಂಡಿದ್ದ ಅಕೌಂಟ್‌ಗಳಿಗೆ. ಕ್ಯಾಶ್ ತಗೊಂಡ್ರೆ ವಹಿವಾಟು ಕಮ್ಮಿ ಆಗ್ಬಿಡಲ್ಲ. ಆದ್ರೆ ರೇಖಾ ಅವ್ರಿಗೆ ಬೇರೆ ಒಂದು ವಿಷ್ಯ ಇದೆ, 40 ಲಕ್ಷದವರೆಗೂ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಡ ಅನ್ನೋ ರಿಯಾಯಿತಿ ರಾಜ್ಯದೊಳಗೆ ಸಾಮಾನು ಮಾರೋರಿಗೆ. ಉಪ್ಪಿನಕಾಯಿಗೆ ಜಿಎಸ್‌ಟಿ ಇದೆ, ಅದನ್ನ ಹೊರರಾಜ್ಯಕ್ಕೆ ಮಾರ್ಬೇಕಾದ್ರೆ ಮೊದಲ ಆರ್ಡರ್‌ಗೇ ರಿಜಿಸ್ಟ್ರೇಷನ್ ಬೇಕು. ಹೊಸೂರು ಇಲ್ಲೇ ಪಕ್ಕದಲ್ಲಿದೆ ಅಂತ ಕಳಿಸ್ಬಿಡಬೇಡಿ, ಅದು ತಮಿಳುನಾಡು. ಜಿಎಸ್‌ಟಿ ತಗೊಳ್ಳೋವರೆಗೂ ಕೊನೇಲಿರೋ ‘ಉಳಿದ ಜಾಗಗಳು’ ಝೋನ್‌ಗೆ ಏನೂ ಹಾಕದೆ ಖಾಲಿ ಬಿಡಿ, ಹೊರಗಿನ ವಿಳಾಸ ಹಾಕಿದ್ರೆ ಆರ್ಡರೇ ಮುಂದೆ ಹೋಗಲ್ಲ.

ಮಂಜುನಾಥ್ ಹೇಳಿದ್ದು ದಿನಕ್ಕೆ ನಾಲ್ಕು ಆರ್ಡರ್ ಇರೋರಿಗೆ ನಡಿಯತ್ತೆ, ಆದ್ರೆ ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನ ಯಾರು ಬೇಕಾದ್ರೂ ತಯಾರು ಮಾಡ್ತಾರೆ. 12 ಅಂಕಿ ಯುಪಿಐ ರೆಫರೆನ್ಸ್ ನಂಬರ್ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಸಿಕ್ಮೇಲೇ ಪ್ಯಾಕ್ ಮಾಡಿ.

ಇನ್ನು ಕ್ಯಾನ್ಸಲ್ ವಿಷ್ಯ. ರೇಖಾ ಅವ್ರೇ, ಅಂಥ ಒಂದು ಆರ್ಡರ್ ತೆಗೆದು ಬಲಗಡೆ ನೋಟ್ಸ್ ಓದಿ, ಏನಿದೆ?

ರೇಖಾ: `Unpaid order cancelled - time limit reached.` ಅಂತಿದೆ. ಗೇಟ್‌ವೇಯಲ್ಲಿ ನೋಡಿದ್ರೆ ದುಡ್ಡು ಬಂದಿದೆ!

ಸುಧೀಂದ್ರ: ಹಾಗಾದ್ರೆ ಬ್ಯಾಂಕ್ ತಪ್ಪಲ್ಲ. ಗಿರಾಕಿ ಚೆಕ್‌ಔಟ್‌ನಿಂದ ಯುಪಿಐ ಆ್ಯಪ್‌ಗೆ ಹೋಗ್ತಾರೆ, ಪಿನ್ ಹೊಡೀತಾರೆ, ದುಡ್ಡು ಹೋಯ್ತು ಅಂತ ಫೋನ್ ಜೇಬಿಗೆ ಹಾಕ್ಕೊಂಡು ಹೋಗ್ಬಿಡ್ತಾರೆ, ಬ್ರೌಸರ್‌ಗೆ ವಾಪಸ್ ಬರೋದೇ ಇಲ್ಲ. ಅವ್ರು ವಾಪಸ್ ಬಂದ್ರೆ ಮಾತ್ರ ನಿಮ್ಮ ಸೈಟ್‌ಗೆ ಗೊತ್ತಾಗೋ ಥರ ಸೆಟಪ್ ಇದ್ರೆ ಆರ್ಡರ್ ಪೆಂಡಿಂಗಲ್ಲೇ ಕೂತಿರತ್ತೆ, ಸ್ಟಾಕ್ ಲೆಕ್ಕ ಆನ್ ಇದ್ರೆ Hold stock ಅನ್ನೋ ಕಡೆ ಮೊದಲಿಂದ 60 ನಿಮಿಷ ಇರತ್ತೆ, ಅದು ಮುಗಿದ ಮೇಲೆ ವೂಕಾಮರ್ಸೇ ಕ್ಯಾನ್ಸಲ್ ಮಾಡತ್ತೆ. ಗೇಟ್‌ವೇನೇ ನೇರವಾಗಿ ನಿಮ್ಮ ಸೈಟ್‌ಗೆ ‘ದುಡ್ಡು ಬಂತು’ ಅಂತ ತಿಳಿಸೋಕೆ ವೆಬ್‌ಹುಕ್ ಇರೋದು. ಗೇಟ್‌ವೇ ಡ್ಯಾಶ್‌ಬೋರ್ಡಲ್ಲಿ ವೆಬ್‌ಹುಕ್ ವಿಳಾಸ ಹಾಕಿದೀರಾ, ಹಾಕಿದ್ರೆ ಅದರ ಲಾಗ್‌ನಲ್ಲಿ 200 ಬರ್ತಿದ್ಯಾ ಇಲ್ಲ 403 ಬರ್ತಿದ್ಯಾ ನೋಡಿ, 200 ಅಂದ್ರೆ ಸೈಟ್‌ಗೆ ತಲುಪಿದೆ, 403 ಅಂದ್ರೆ ಬಾಗಿಲಲ್ಲೇ ತಡೆದಿದೆ ಅಂತ. ಸೆಟ್ ಆದ್ಮೇಲೆ ಒಂದು ರೂಪಾಯಿ ಪ್ರಾಡಕ್ಟ್ ಮಾಡಿ, ಫೋನ್‌ನಿಂದ ಕಟ್ಟಿ, ಪಿನ್ ಹೊಡೆದ ತಕ್ಷಣ ಬ್ರೌಸರ್ ಮುಚ್ಚಿಬಿಡಿ. ಆರ್ಡರ್ Processing ಆದ್ರೆ ಗೆದ್ರಿ. ಅಲ್ಲೀವರೆಗೂ Hold stock ಕಡೆ ಇರೋ ಆ 60ನ್ನ ಅಳಿಸಿ ಖಾಲಿ ಬಿಡಿ.

ಗಿರಾಕಿ ಅಕೌಂಟಲ್ಲಿ ಕಟ್ ಆಗಿ ಗೇಟ್‌ವೇಯಲ್ಲೂ ಇಲ್ಲ ಅಂದ್ರೆ ಅದು ಬೇರೆ ಕೇಸು. ಆರ್‌ಬಿಐ 2019ರ ನಿಯಮದಲ್ಲಿ ಅಂಗಡಿಗೆ ಕಟ್ಟಿದ ಯುಪಿಐ ದುಡ್ಡು ಐದು ದಿನದೊಳಗೆ ತಾನಾಗೇ ವಾಪಸ್ ಆಗ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ ಕಟ್ ಆದ ದುಡ್ಡನ್ನ ನೀವು ಕೈಯಿಂದ ಕೊಡಬೇಡಿ, ಎರಡು ಸಲ ಕೊಟ್ಟಂಗಾಗತ್ತೆ.

ಕ್ಯಾಶ್ ಆನ್ ಡೆಲಿವರಿ ಬೆಂಗಳೂರಿಗೆ ಮಾತ್ರ ಇಡಿ. ಸಿಒಡಿ ಸೆಟಿಂಗಲ್ಲಿ ಯಾವ ಶಿಪ್ಪಿಂಗ್ ವಿಧಾನಕ್ಕೆ ಅಂತ ಆರಿಸೋಕೆ ಬರತ್ತೆ, `560*` ಝೋನ್‌ನ ವಿಧಾನ ಒಂದನ್ನೇ ಆರಿಸಿ. ಹುಬ್ಬಳ್ಳಿಯವರು ಬಾಗಿಲಲ್ಲಿ ಬೇಡ ಅಂದ್ರೆ ಹೋಗಿದ್ದಕ್ಕೂ ಬಂದಿದ್ದಕ್ಕೂ ಕೊರಿಯರ್ ನಿಮ್ಮ ತಲೆಗೇ.

ಶಬಾನಾ: ಅದು ಹೌದು, ನನಗೆ ಸಿಒಡಿ ಸೀರೆ ವಾಪಸ್ ಬರೋದೇ ದೊಡ್ಡ ತಲೆನೋವು. ಆದ್ರೆ ತೆಗೆದುಹಾಕಿದ್ರೆ ಊರ ಕಡೆಯೋರು ಆರ್ಡರೇ ಮಾಡಲ್ಲ.

ಗಿರಿಜಾ: ಬಾಟಲಿಗೆ 40 ಸೇರಿಸಿದ್ರೆ ನಮ್ಮಂಥ ಪಕ್ಕದ ಬೀದಿಯೋರು ಹುಬ್ಬಳ್ಳಿ ಕೊರಿಯರ್ ಯಾಕೆ ಕೊಡ್ಬೇಕು?

ಸುಧೀಂದ್ರ: ನ್ಯಾಯವಾದ ಪ್ರಶ್ನೆನೇ. ಬೆಂಗಳೂರು ಝೋನ್‌ಗೆ ಮೂರು ಬಾಟಲಿ ಮೇಲೆ ಫ್ರೀ ಡೆಲಿವರಿ ಇಟ್ಟು ಸರಿದೂಗಿಸಬಹುದು, ಮನೆಗೇ ಬಂದು ತಗೊಳ್ಳೋರಿಗೆ ಕೂಪನ್ ಕೊಡಬಹುದು. ಒಂದೇ ಬಾಟಲಿ ತಗೊಳ್ಳೋ ಲೋಕಲ್ ಗಿರಾಕಿಗೆ ಮಾತ್ರ ಸ್ವಲ್ಪ ಹೊರೆ ಬೀಳತ್ತೆ, ಅದಕ್ಕೆ ನನ್ನ ಹತ್ರ ಒಳ್ಳೇ ದಾರಿ ಇಲ್ಲ.

ರೇಖಾ: ವೆಬ್‌ಹುಕ್ ಹಾಕಿದೆ, ಲಾಗ್‌ನಲ್ಲಿ 403 ಬರ್ತಿದೆ ಸಾರ್.

ಸುಧೀಂದ್ರ: ಸೆಕ್ಯುರಿಟಿ ಪ್ಲಗಿನ್ ತಡೀತಿರತ್ತೆ ಬಹುಶಃ. ಅದನ್ನ ಹತ್ತು ನಿಮಿಷ ಆಫ್ ಮಾಡಿ ಮತ್ತೆ ಒಂದು ರೂಪಾಯಿ ಕಟ್ಟಿ ನೋಡಿ. 200 ಬಂದ್ರೆ ಪ್ಲಗಿನ್‌ನಲ್ಲಿ ಆ ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟು ವಾಪಸ್ ಆನ್ ಮಾಡಿ. ಆಗ್ಲೂ 403 ಬಂದ್ರೆ ಹೋಸ್ಟಿಂಗ್‌ನೋರ ಫೈರ್‌ವಾಲ್, ಅವ್ರಿಗೆ ಲಾಗ್‌ನ ಟೈಮ್ ಸಮೇತ ಟಿಕೆಟ್ ಹಾಕಿ.