ನೀರಿನ ಸಮಿತಿಯ ಸಭೆಯ ಸಾರಾಂಶವನ್ನು ಅಮ್ಮನಿಗೆ ಸರಳವಾಗಿ ಬರೆದುಕೊಡುವುದು ಹೇಗೆ?

ಪ್ರಶ್ನೆ, ಬದಿಯಡ್ಕದ ಕಡೆಯಿಂದ:
ಅಮ್ಮನಿಗೆ 76 ವರ್ಷ. ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ನಾನು ಮಂಗಳೂರಿನಲ್ಲಿದ್ದೇನೆ. ಪತ್ರಿಕೆಯ ತಲೆಬರಹ ಓದುತ್ತಾರೆ, ಒಳಗಿನ ಸುದ್ದಿಗೆ ಹೋಗುವುದಿಲ್ಲ. ನಮ್ಮ ಕುಡಿಯುವ ನೀರಿನ ಸಮಿತಿಯ ಸಭೆಯ ಸಾರಾಂಶ ಬಂದಿದೆ. ಅವರೇ ಓದಿಕೊಳ್ಳುವಂತೆ ಬರೆದುಕೊಡಬೇಕು. ಮುಖ್ಯ ಭಾಗ ಇದು:

"ಮೋಟಾರು ದುರಸ್ತಿಯ ವೆಚ್ಚವನ್ನು ಭರಿಸುವ ಸಲುವಾಗಿ ಪ್ರತಿ ಫಲಾನುಭವಿ ಕುಟುಂಬದಿಂದ ರೂ. 600ನ್ನು ಎರಡು ಸಮಾನ ಕಂತುಗಳಲ್ಲಿ ಸಂಗ್ರಹಿಸಲು ಹಾಗೂ ಪ್ರಥಮ ಕಂತನ್ನು ಮಾರ್ಚ್ 10ರೊಳಗೆ ಪಾವತಿಸದವರಿಗೆ ಬೇಸಗೆಯ ಸರದಿಯಲ್ಲಿ ನೀರು ಒದಗಿಸದಿರಲು ತೀರ್ಮಾನಿಸಲಾಯಿತು. ಒಂಟಿಯಾಗಿ ವಾಸಿಸುವ ಹಿರಿಯ ನಾಗರಿಕರಿಗೆ ವಿನಾಯಿತಿ ನೀಡುವ ಬಗ್ಗೆ ಚರ್ಚಿಸಲಾಯಿತು. ಬೇಸಗೆಯಲ್ಲಿ ಕೆಳಗಿನ ಲೈನಿಗೆ ಬೆಸ ದಿನಾಂಕಗಳಂದೂ ಮೇಲಿನ ಲೈನಿಗೆ ಸಮ ದಿನಾಂಕಗಳಂದೂ ಬೆಳಗ್ಗೆ 6ರಿಂದ 7.30ರ ತನಕ ನೀರು ಬಿಡಲಾಗುವುದು."

ನಮ್ಮ ಮನೆ ಮೇಲಿನ ಲೈನಿನಲ್ಲಿದೆ.

ಕುಂಬಳೆಯಿಂದ:
ಇದಕ್ಕೆ ಇಷ್ಟು ಯೋಚನೆ ಏಕೆ? ವಾಕ್ಯಗಳನ್ನು ತುಂಡು ಮಾಡಿ, ಸಾಕು. ನಾಲ್ಕೈದು ಪದಕ್ಕಿಂತ ಉದ್ದ ಬೇಡ. "600 ರೂಪಾಯಿ ಕಟ್ಟಬೇಕು. ಎರಡು ಕಂತು. ಮಾರ್ಚ್ 10. ಸಮ ದಿನ ನೀರು. ಹಿರಿಯರಿಗೆ ವಿನಾಯಿತಿ." ಚರ್ಚೆ ಗಿರ್ಚೆ ಎಲ್ಲ ಬಿಟ್ಟುಬಿಡಿ, ಯಾರಿಗೂ ಬೇಡ.

ಪೆರ್ಲದಿಂದ:
ಸಾರಾಂಶ ಮಲಯಾಳದಲ್ಲಿ ಬಂದರೆ ತೆಗೆದುಕೊಳ್ಳಲೇಬೇಡಿ. ಗಡಿನಾಡಿನ ಕನ್ನಡಿಗರು ಕನ್ನಡದಲ್ಲಿಯೇ ಕೊಡಿ ಎಂದು ಲಿಖಿತ ಅರ್ಜಿ ಹಾಕಬೇಕು. ಪಂಚಾಯತಿನಲ್ಲಿ ನಾನು ಹಾಗೆಯೇ ಮಾಡುವುದು.

ಬದಿಯಡ್ಕ:
ಕನ್ನಡದಲ್ಲಿಯೇ ಬಂದಿದೆ ಅಣ್ಣಾ. ಆ ಕನ್ನಡ ಅಮ್ಮನಿಗೆ ಆಗುತ್ತಿಲ್ಲ, ಅದೇ ತೊಂದರೆ.

ಮುಳ್ಳೇರಿಯದಿಂದ, ನಿವೃತ್ತ ಅಧ್ಯಾಪಕಿ:
ಕುಂಬಳೆಯವರು ತುಂಡು ಮಾಡಲು ಹೇಳಿದ್ದು ಅರ್ಧ ಸರಿ. ಆದರೆ ಅವರ ಕೊನೆಯ ತುಂಡನ್ನು ನೋಡಿ: "ಹಿರಿಯರಿಗೆ ವಿನಾಯಿತಿ." ಇದನ್ನು ಓದಿದರೆ ನಿಮ್ಮ ತಾಯಿ ಹಣ ಕೊಡುವುದಿಲ್ಲ. ಒಬ್ಬರೇ ಇರುವ ಹಿರಿಯರು ಅವರೇ ಅಲ್ಲವೇ? ಸಭೆಯಲ್ಲಿ ಆದದ್ದು ಚರ್ಚೆ ಮಾತ್ರ. ಏಪ್ರಿಲಿನಲ್ಲಿ ನಲ್ಲಿ ಒಣಗಿದಾಗ ಜಗಳವಾಗುವುದು ಆ ಒಂದು ತುಂಡಿನಿಂದ.

1990ರ ಹೊತ್ತಿಗೆ ಕೇರಳದಲ್ಲಿ ಸಾಕ್ಷರತಾ ಆಂದೋಲನ ನಡೆಯುವಾಗ ನಾನೂ ಹಿರಿಯರಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆ. ಆಗ ಕಂಡದ್ದು, ಉದ್ದ ವಾಕ್ಯಕ್ಕಿಂತ ಹೆಚ್ಚಾಗಿ ಅವರನ್ನು ಎಡವಿಸುವುದು "ತೀರ್ಮಾನಿಸಲಾಯಿತು", "ಒದಗಿಸದಿರಲು" ಎಂಬಂಥ ಕ್ರಿಯಾಪದಗಳು. ಯಾರು ಮಾಡಿದರು, ಯಾರು ಮಾಡಬೇಕು ಎಂಬುದು ಅವುಗಳಲ್ಲಿ ಅಡಗಿಹೋಗುತ್ತದೆ. ಜೊತೆಗೆ "ಪಾವತಿಸದವರಿಗೆ ಒದಗಿಸದಿರಲು" ಎಂದು ಎರಡು ಇಲ್ಲಗಳು ಒಟ್ಟಿಗೆ ಬಂದರೆ ಓದುವವರು ಒಂದನ್ನು ಬಿಟ್ಟೇ ಬಿಡುತ್ತಾರೆ. ಆದ್ದರಿಂದ ಮೊದಲು ಯಾರು ಎಂಬುದನ್ನು ಮುಂದೆ ತನ್ನಿ: ನಾವು ಕೊಡಬೇಕು, ಅವರು ಬಿಡುತ್ತಾರೆ. "ಆದರೆ", "ಕೊಡದಿದ್ದರೆ" ಎಂಬ ಕೊಂಡಿಗಳನ್ನು ಮಾತ್ರ ಕತ್ತರಿಸಬೇಡಿ. ಅವು ಹೋದರೆ ವಾಕ್ಯ ಚಿಕ್ಕದಾಗುತ್ತದೆ, ಅರ್ಥ ಕಷ್ಟವಾಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

"ಅಮ್ಮಾ, ನಮ್ಮ ಮನೆಯಿಂದ ನೀರಿನ ಸಮಿತಿಗೆ 300 ರೂಪಾಯಿ ಕೊಡಬೇಕು. ಮಾರ್ಚ್ 9, ಸೋಮವಾರದ ಒಳಗೆ ಕೊಡಬೇಕು. ಕೊಡದಿದ್ದರೆ ಬೇಸಗೆಯಲ್ಲಿ ನಮಗೆ ನೀರು ಬಿಡುವುದಿಲ್ಲ.

ಈ ಹಣ ಮೋಟಾರು ರಿಪೇರಿಗೆ. ಇನ್ನೊಂದು 300 ರೂಪಾಯಿ ಆಮೇಲೆ ಕೊಡಬೇಕು. ಯಾವಾಗ ಎಂದು ಅವರು ಹೇಳಿಲ್ಲ.

ಒಬ್ಬರೇ ಇರುವ ಹಿರಿಯರಿಗೆ ಹಣ ಕಡಿಮೆ ಮಾಡಬೇಕೇ ಎಂದು ಸಭೆಯಲ್ಲಿ ಮಾತಾಡಿದರು. ಆದರೆ ಇನ್ನೂ ತೀರ್ಮಾನ ಮಾಡಿಲ್ಲ.

ಬೇಸಗೆಯಲ್ಲಿ ನಮಗೆ ಒಂದು ದಿನ ಬಿಟ್ಟು ಒಂದು ದಿನ ನೀರು ಬರುತ್ತದೆ. ಬೆಳಗ್ಗೆ ಆರು ಗಂಟೆಯಿಂದ ಏಳೂವರೆಯವರೆಗೆ."

600 ಎಂದು ಮೊದಲೇ ಬರೆದರೆ ಅವರು 600 ರೂಪಾಯಿ ತೆಗೆದಿಡುತ್ತಾರೆ, ಆದ್ದರಿಂದ ಈಗಿನ ಲೆಕ್ಕವನ್ನೇ ಮೊದಲು ಕೊಟ್ಟೆ. ಎರಡನೆಯ ಕಂತಿನ ದಿನ ಮೂಲದಲ್ಲಿ ಇಲ್ಲ, ಊಹಿಸಿ ತುಂಬಿಸಬೇಡಿ. ಹಾಗೆಯೇ ವಿನಾಯಿತಿ ಎಂದರೆ ಪೂರ್ತಿಯೋ ಅರ್ಧವೋ ಸ್ಪಷ್ಟವಿಲ್ಲ. ಅದನ್ನು ಕಾರ್ಯದರ್ಶಿಯ ಬಳಿ ನೀವೇ ಕೇಳಿ.

ಮಂಜೇಶ್ವರದಿಂದ:
ನನ್ನದು ಮಗಳ ವಿಷಯ, ನಾಲ್ಕನೆಯ ತರಗತಿ. ಶಾಲೆಯ ರಕ್ಷಕರ ಸಭೆಯಲ್ಲಿ ಶಾಲಾ ವಾಹನದ ದಾರಿ ಬದಲಾಯಿತು. ಅವಳಿಗೂ ಬರೆದುಕೊಟ್ಟೆ. ಮಕ್ಕಳಿಗೆ ಕಾರಣ ಹೇಳದಿದ್ದರೆ ಆಗುವುದಿಲ್ಲ, "ಏಕೆ" ಎಂಬುದೇ ಅವರ ಮೊದಲ ಪ್ರಶ್ನೆ. "ಸೇತುವೆಯ ಕೆಲಸ ನಡೆಯುತ್ತಿದೆ, ಅದಕ್ಕೆ ವ್ಯಾನ್ ನಮ್ಮ ಗೇಟಿಗೆ ಬರುವುದಿಲ್ಲ, ನೀನು ಅಂಗಡಿಯ ಹತ್ತಿರ ನಿಲ್ಲಬೇಕು" ಎಂದು ಬರೆದ ಮೇಲೆ ಒಪ್ಪಿದಳು. ಹಿರಿಯರಿಗೆ ಹೀಗೆಯೇ ಕಾರಣವನ್ನು ಮುಂದೆ ಇಡಬಾರದೇ?

ಮುಳ್ಳೇರಿಯ:
ಇಡಬಹುದು, ಕಾರಣ ಒಂದೇ ಸಾಲಿನದಾದರೆ. ಹಣ ಮತ್ತು ಗಡುವು ಇರುವಲ್ಲಿ ಅವೆರಡು ಮೊದಲು ಬರುವುದು ನನಗೆ ಇಷ್ಟ.

ಬದಿಯಡ್ಕ:
ಟೀಚರ್, ಮೂಲದಲ್ಲಿ 10 ಇದೆ, ನೀವು 9 ಎಂದಿದ್ದೀರಿ?

ಮುಳ್ಳೇರಿಯ:
"10ರೊಳಗೆ" ಎಂದರೆ ಹತ್ತನೆಯ ತಾರೀಕು ಸೇರಿತೋ ಇಲ್ಲವೋ ಎಂದು ಖಜಾಂಚಿಯ ಹತ್ತಿರ ವಾದಿಸುವುದು ಅವರಿಗೆ ಬೇಡವೆಂದು ಹಾಗೆ ಮಾಡಿದೆ. ಅಳುಕಿದ್ದರೆ ಕೇಳಿಕೊಂಡು 10 ಎಂದೇ ಬರೆಯಿರಿ. ವಾರದ ಹೆಸರು ಮಾತ್ರ ಇರಲಿ, ತಾರೀಕಿಗಿಂತ ಅದು ಹೆಚ್ಚು ನೆನಪಿರುತ್ತದೆ.

ಬರೆದದ್ದು ಅವರಿಗೆ ತಲುಪಿದೆಯೇ ಎಂದು ತಿಳಿಯಲು "ಅರ್ಥವಾಯಿತೇ" ಎಂದು ಕೇಳಬೇಡಿ. ಆಯಿತು ಎಂದೇ ಹೇಳುತ್ತಾರೆ. "ಸಮಿತಿಯವರು ಬಂದರೆ ಏನು ಕೊಡುತ್ತೀರಿ, ಯಾವತ್ತು?" ಎಂದು ಫೋನಿನಲ್ಲಿ ಕೇಳಿ. ತಪ್ಪು ಉತ್ತರ ಬಂದರೆ ಅವರನ್ನು ತಿದ್ದುವುದಲ್ಲ, ಆ ಸಾಲನ್ನು ಬೇರೆ ರೀತಿ ಬರೆಯುವುದು.

ಕುಂಬಳೆ:
"ಒಂದು ದಿನ ಬಿಟ್ಟು ಒಂದು ದಿನ" ಎಂಬುದೂ ಪೂರ್ತಿ ಸರಿಯಲ್ಲ ಟೀಚರ್. ಮಾರ್ಚ್ 31 ಬೆಸ, ಏಪ್ರಿಲ್ 1 ಕೂಡ ಬೆಸ. ಮೇಲಿನ ಲೈನಿಗೆ 30ಕ್ಕೆ ಬಂದ ನೀರು ಮತ್ತೆ ಬರುವುದು 2ಕ್ಕೆ. ನಡುವೆ ಎರಡು ದಿನ ಕೊಡಪಾನ ಖಾಲಿ.

ಮುಳ್ಳೇರಿಯ:
ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಒಳ್ಳೆಯದಾಯಿತು. ಹಾಗಾದರೆ ಸಮ, ಬೆಸ ಎಂದು ವಿವರಿಸುವುದೇ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ನೀರು ಬರುವ ದಿನಗಳಿಗೆ ನೀಲಿ ಪೆನ್ನಿನಿಂದ ಸುತ್ತು ಹಾಕಿ, ಕಾಗದದಲ್ಲಿ "ನೀಲಿ ಸುತ್ತು ಇರುವ ದಿನ ನೀರು" ಎಂದು ಬರೆಯಿರಿ. 31 ಇರುವ ತಿಂಗಳಲ್ಲಿ 30ನೆಯ ತಾರೀಕಿಗೆ "ಹೆಚ್ಚು ನೀರು ಹಿಡಿದಿಡಿ" ಎಂದು ಸೇರಿಸಿ. ಕಾಗದ ಮುದ್ರಿಸುವುದಾದರೆ ಅಕ್ಷರ 18 ಪಾಯಿಂಟ್ ಇರಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಇಕ್ಕಟ್ಟಾದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ.

ಬದಿಯಡ್ಕ:
ಕಾರ್ಯದರ್ಶಿಗೆ ಕರೆ ಮಾಡಿದೆ. 10ರ ಸಂಜೆಯವರೆಗೆ ತೆಗೆದುಕೊಳ್ಳುತ್ತಾರಂತೆ. ವಿನಾಯಿತಿ ಮುಂದಿನ ಸಭೆಗೆ ಹೋಗಿದೆ. ಅಮ್ಮನಿಗೆ ಕಾಗದ ಓದಿ ಹೇಳಿದಾಗ ಹಣದ ಮಾತು ಒಪ್ಪಿದರು, ಕೂಡಲೇ "ವಿನಾಯಿತಿ ಬೇಡ ಎಂದವರು ಯಾರು?" ಎಂದು ಕೇಳಿದರು. ಸಾರಾಂಶದಲ್ಲಿ ಹೆಸರಿಲ್ಲ. ನನಗೆ ಗೊತ್ತಿದೆ, ಬರೆಯಬೇಕೇ?

ಕುಂಬಳೆ:
ಬೇಡವೇ ಬೇಡ. ಅವರೆಲ್ಲ ಒಂದೇ ದಾರಿಯಲ್ಲಿ ನಡೆಯುವವರು.

ಮಂಜೇಶ್ವರ:
ಬರೆಯದಿದ್ದರೆ ಪಕ್ಕದ ಮನೆಯಲ್ಲಿ ವಿಚಾರಿಸುತ್ತಾರೆ, ಅಲ್ಲಿ ಸಿಗುವ ಹೆಸರು ಬೇರೆಯೇ ಇರಬಹುದು. ಬಾಯಿಯಲ್ಲಿ ಹೇಳಿಬಿಡಿ.